ಲೈಂಗಿಕತೆಯ ವಿಷಯಕ್ಕೆ ಆಪ್ತಸಮಾಲೋಚಕರನ್ನು ಆರಿಸಿಕೊಳ್ಳುವುದು: ಮೊದಲ ಫೋನ್ ಕರೆಯಿಂದ ಐದನೇ ಭೇಟಿಯವರೆಗೆ

ಮೈಸೂರು, ಮಂಡ್ಯ ಕಡೆಯವರಿಂದ ಮತ್ತೆ ಮತ್ತೆ ಕೇಳಿಬರುವ ಮಾತು ಇದು: "ಕೌನ್ಸೆಲಿಂಗ್‌ಗೆ ಹೋದೆ, ಎಲ್ಲಾ ಹೇಳ್ಕೊಂಡೆ, ಕೊನೆಗೆ ಮದುವೆ ಆಗು ಸರಿಹೋಗುತ್ತೆ ಅಂದ್ರು. ಇನ್ಮೇಲೆ ಯಾರ ಹತ್ರಾನೂ ಹೋಗಲ್ಲ." ಎಡವಿರುವ ಜಾಗ ಹೆಚ್ಚಿನವರಲ್ಲಿ ಒಂದೇ. ಎದುರಿಗೆ ಕೂತವರ ನಿಲುವು ಏನೆಂದು ತಿಳಿಯುವ ಮೊದಲೇ ತಮ್ಮ ಬದುಕನ್ನೆಲ್ಲ ಅವರ ಮುಂದೆ ಬಿಚ್ಚಿಟ್ಟಿರುತ್ತಾರೆ. ಮೊದಲು ಅವರನ್ನು ಕೇಳಬೇಕು, ಆಮೇಲೆ ನಮ್ಮದನ್ನು ಹೇಳಬೇಕು. ಈ ಬರಹದ ಹಂತಗಳೆಲ್ಲ ಆ ಅನುಕ್ರಮದ ಮೇಲೆ ನಿಂತಿವೆ.

ವಿಷಯ ಸ್ಪಷ್ಟವಾಗಲೆಂದು ಉದ್ದಕ್ಕೂ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ಯಾರೊಬ್ಬರ ಕಥೆಯೂ ಅಲ್ಲ, ಹಲವರಲ್ಲಿ ಕಾಣುವುದನ್ನು ಸೇರಿಸಿ ಕಟ್ಟಿದ್ದು. ಇಪ್ಪತ್ತೇಳು ವರ್ಷದ ಯುವಕ, ಊರು ಮದ್ದೂರಿನ ಹತ್ತಿರ, ಕೆಲಸ ಮೈಸೂರಿನ ಹೂಟಗಳ್ಳಿ ಕಡೆ, ವಾಸ ಬಾಡಿಗೆ ರೂಮಿನಲ್ಲಿ. ಆಕರ್ಷಣೆ ಗಂಡಸರ ಕಡೆಗೆ ಎಂದು ಅವನಿಗೆ ಕಾಲೇಜಿನಿಂದಲೇ ಗೊತ್ತು. ಊರಿನಲ್ಲಿ ಹೆಣ್ಣು ನೋಡಲು ಶುರುಮಾಡಿದ್ದಾರೆ. ಎರಡು ತಿಂಗಳಿಂದ ನಿದ್ದೆ ಸರಿಯಿಲ್ಲ, ಭಾನುವಾರ ಊರಿಗೆ ಹೋಗುವುದೆಂದರೆ ಎದೆ ಹೊಡೆದುಕೊಳ್ಳುತ್ತದೆ.

ಬೇಕಾಗುವ ಸಾಮಾನು ಕಡಿಮೆ. ಬೇರೆಯವರು ತೆರೆಯಲಾಗದಂತೆ ಲಾಕ್ ಇರುವ ಫೋನು, ಒಂದು ಹಾಳೆ, ಪೆನ್ನು, ಒಂದು ಗಂಟೆ ಯಾರೂ ಬಾರದ ಜಾಗ.

## 1. ಯಾಕೆ ಹೋಗುತ್ತಿದ್ದೀರಿ ಎಂಬುದನ್ನು ಎರಡು ಸಾಲಿನಲ್ಲಿ ಬರೆಯಿರಿ

ಹೆಚ್ಚಿನವರು "ನಾನ್ಯಾಕೆ ಹೀಗೆ?" ಎಂಬ ಪ್ರಶ್ನೆ ಹಿಡಿದು ಹೋಗುತ್ತಾರೆ. ಆ ಪ್ರಶ್ನೆ ಸಹಜವೇ, ಆದರೆ ಅನುಭವವಿಲ್ಲದ ಸಮಾಲೋಚಕರು ಅದನ್ನು ಹಿಡಿದುಕೊಂಡು ನೇರವಾಗಿ ಬಾಲ್ಯಕ್ಕೆ ಇಳಿಯುತ್ತಾರೆ. ಅಪ್ಪ ಹೇಗಿದ್ದರು, ಚಿಕ್ಕಂದಿನಲ್ಲಿ ಯಾರಾದರೂ ಮುಟ್ಟಿದ್ದರಾ ಎಂದು ಕಾರಣ ಹುಡುಕುತ್ತ ಕೂತರೆ ಮೂರು ಭೇಟಿ ಮುಗಿದಿರುತ್ತದೆ, ನಿದ್ದೆ ಮಾತ್ರ ಬಂದಿರುವುದಿಲ್ಲ.

ಅದರ ಬದಲು ಸದ್ಯ ನೋಯುತ್ತಿರುವುದನ್ನು ಬರೆಯಿರಿ. ನಮ್ಮ ಯುವಕ ಹೀಗೆ ಬರೆಯಬಹುದು: "ಮದುವೆ ಮಾತುಕತೆ ತಡೆಯಬೇಕು, ಅಪ್ಪ ಅಮ್ಮನಿಗೆ ಎಷ್ಟು ಹೇಳಬೇಕೋ ಗೊತ್ತಿಲ್ಲ. ನಿದ್ದೆ ಬರುತ್ತಿಲ್ಲ, ಕೆಲಸದಲ್ಲಿ ಗಮನ ನಿಲ್ಲುತ್ತಿಲ್ಲ." ಇನ್ನೊಬ್ಬರದು ಬೇರೆ ಇರಬಹುದು: "ನನ್ನ ಆಕರ್ಷಣೆ ಯಾವ ಕಡೆ ಎಂದು ಇನ್ನೂ ಖಚಿತವಿಲ್ಲ, ಅವಸರವಿಲ್ಲದೆ ಯೋಚಿಸಲು ಯಾರಾದರೂ ಬೇಕು." ಎರಡೂ ಸರಿಯಾದ ಕಾರಣಗಳೇ. ಯಾವ ಹೆಸರೂ ಇಟ್ಟುಕೊಳ್ಳದೆ ಸಮಾಲೋಚಕರ ಬಳಿ ಹೋಗಬಹುದು.

ಹಾಳೆಯಲ್ಲಿ ಬರೆದದ್ದರಲ್ಲಿ "ಸಾಯಬೇಕು ಅನ್ನಿಸುತ್ತಿದೆ" ಎಂಬುದು ಎಲ್ಲಾದರೂ ಬಂದಿದ್ದರೆ ಆರಿಸುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ. ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಇದೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ಅವರಿಗೆ ನಿಮ್ಮ ಲೈಂಗಿಕತೆಯ ವಿವರ ಹೇಳಲೇಬೇಕೆಂದಿಲ್ಲ. "ಮನೆಯಲ್ಲಿ ಮದುವೆಗೆ ಒತ್ತಾಯ, ತಡೆದುಕೊಳ್ಳಲು ಆಗುತ್ತಿಲ್ಲ" ಎಂದರೂ ಸಾಕು. ಅಪಾಯ ಕೈಮೀರಿದ್ದರೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಜೊತೆಗೆ ನಂಬಿಕೆಯ ಸ್ನೇಹಿತರೊಬ್ಬರಿರಲಿ. ಒಳ್ಳೆಯ ಸಮಾಲೋಚಕರನ್ನು ಹುಡುಕುವುದು ಅದಾದ ಮೇಲೆ.

## 2. ಬೋರ್ಡಿನ ಮೇಲಿರುವ ಪದವಿಯ ಅರ್ಥ ತಿಳಿದುಕೊಳ್ಳಿ

ಮನೋವೈದ್ಯರು ಎಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂಡಿ ಅಥವಾ ಅದಕ್ಕೆ ಸಮನಾದ ಪದವಿ ಪಡೆದವರು. ಮಾತ್ರೆ ಬರೆಯುವ ಅಧಿಕಾರ ಇರುವುದು ಇವರಿಗೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಆಗಿರಬೇಕು. ಇವರಲ್ಲಿ ಹೆಚ್ಚಿನವರು ಎರಡು ವರ್ಷದ ಎಂಫಿಲ್ ಮಾಡಿದವರು. ನೋಂದಣಿ ಸಂಖ್ಯೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು, ಮಾಡಿಕೊಂಡರೆ ಅದೇ ಒಂದು ಸುಳಿವು.

"ಆಪ್ತಸಮಾಲೋಚಕರು" ಎಂಬ ಬೋರ್ಡಿನ ವಿಷಯ ಬೇರೆ. ಮನಃಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ ವರ್ಷಗಟ್ಟಲೆ ಹಿರಿಯರ ಮಾರ್ಗದರ್ಶನದಲ್ಲಿ ಕೆಲಸ ಮಾಡಿದವರೂ ಆ ಹೆಸರು ಬಳಸುತ್ತಾರೆ, ವಾರಾಂತ್ಯದ ಕೋರ್ಸು ಮುಗಿಸಿದವರೂ ಬಳಸುತ್ತಾರೆ. ಆದ್ದರಿಂದ ಏನು ಓದಿದ್ದಾರೆ, ಎಲ್ಲಿ ತರಬೇತಿ ಆಯಿತು, ಕಷ್ಟದ ಪ್ರಕರಣ ಬಂದಾಗ ಯಾರ ಜೊತೆ ಚರ್ಚಿಸುತ್ತಾರೆ ಎಂದು ಕೇಳಲೇಬೇಕು.

ಪದವಿ ದೊಡ್ಡದಿದ್ದರೆ ನಿಲುವೂ ಸರಿಯಿರುತ್ತದೆ ಎಂದುಕೊಳ್ಳುವುದು ಎರಡನೇ ಸಾಮಾನ್ಯ ತಪ್ಪು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಆಕರ್ಷಣೆಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ಭಾರತೀಯ ಮನೋವೈದ್ಯಕೀಯ ಸಂಘ ಇದು ಕಾಯಿಲೆಯಲ್ಲ ಎಂದು 2018ರಲ್ಲಿ ಬಹಿರಂಗವಾಗಿ ಹೇಳಿತು. ಹೀಗಿದ್ದೂ ಅದಕ್ಕೂ ಮುಂಚೆ ಓದು ಮುಗಿಸಿದವರಲ್ಲಿ ಕೆಲವರು ಹಳೆಯ ಪಾಠವನ್ನೇ ಇಟ್ಟುಕೊಂಡಿದ್ದಾರೆ. ಪದವಿ ನೋಡುವುದು ಅಪಾಯ ತಪ್ಪಿಸಲು. ನಿಲುವು ತಿಳಿಯಲು ಬಾಯಿಬಿಟ್ಟು ಕೇಳುವುದೊಂದೇ ದಾರಿ.

## 3. ಮೂರು ಹೆಸರು ಹುಡುಕಿ, ಒಂದಕ್ಕೇ ನಿಲ್ಲಬೇಡಿ

ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಈ ಮೂರೂ ಕಡೆ ಮನೋವೈದ್ಯ ವಿಭಾಗ ಇದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗವೂ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚು ಕಡಿಮೆ. ಆದರೆ ಹೊರರೋಗಿ ವಿಭಾಗದಲ್ಲಿ ಜನಸಂದಣಿ, ಒಬ್ಬೊಬ್ಬರಿಗೆ ಸಿಗುವ ಸಮಯ ಸ್ವಲ್ಪ, ಕಲಿಯುವ ವಿದ್ಯಾರ್ಥಿಗಳು ಪಕ್ಕದಲ್ಲಿ ಕೂತಿರಬಹುದು. ನಿದ್ದೆ, ಆತಂಕ, ಖಿನ್ನತೆ ಜೋರಾಗಿದ್ದರೆ ಅಲ್ಲಿಂದ ಶುರುಮಾಡುವುದು ಸರಿ. ವಾರವಾರ ಕೂತು ಮಾತಾಡಬೇಕೆಂದರೆ ಖಾಸಗಿಯಾಗಿ ನೋಡುವವರು ಅಥವಾ ಆನ್‌ಲೈನ್ ಸಮಾಲೋಚಕರು ಹೊಂದಿಕೆಯಾಗುತ್ತಾರೆ.

ಆನ್‌ಲೈನ್‌ನಲ್ಲಿ ಹುಡುಕುವಾಗ "ಕ್ವಿಯರ್ ಅಫರ್ಮೆಟಿವ್" ಎಂಬ ಮಾತಿಗೆ ಗಮನ ಕೊಡಿ. ನಿಮ್ಮ ಆಕರ್ಷಣೆಯನ್ನು ಸರಿಪಡಿಸಬೇಕಾದ ದೋಷವಾಗಿ ನೋಡದೆ, ಅದನ್ನು ಇರುವ ಹಾಗೆ ಒಪ್ಪಿಕೊಂಡು, ಅದರ ಸುತ್ತ ಸಮಾಜ ಹೇರುವ ಒತ್ತಡದ ಮೇಲೆ ಕೆಲಸ ಮಾಡುವ ಪದ್ಧತಿಗೆ ಹಾಗೆನ್ನುತ್ತಾರೆ. ಮುಂಬೈನ ಮಾರಿವಾಲಾ ಹೆಲ್ತ್ ಇನಿಷಿಯೇಟಿವ್ ಈ ಪದ್ಧತಿಯಲ್ಲಿ ದೇಶದ ಹಲವು ಸಮಾಲೋಚಕರಿಗೆ ತರಬೇತಿ ಕೊಟ್ಟಿದೆ. ಆ ತರಬೇತಿ ಪಡೆದವರು ತಮ್ಮ ಪರಿಚಯದಲ್ಲಿ ಅದನ್ನು ಬರೆದುಕೊಳ್ಳುವುದುಂಟು. ಬೆಂಗಳೂರಿನಲ್ಲಿ ಕೂತು ಕನ್ನಡದಲ್ಲಿ ಮಾತಾಡುವವರು ಸಿಕ್ಕರೆ ಮದ್ದೂರು, ಪಾಂಡವಪುರದಲ್ಲಿರುವವರಿಗೆ ಅದೇ ಅನುಕೂಲ. ಯಾಕೆಂದರೆ ಪಟ್ಟಣ ಚಿಕ್ಕದಾದಷ್ಟೂ ಕ್ಲಿನಿಕ್ಕಿನ ಬಾಗಿಲಲ್ಲಿ ನಿಮ್ಮ ಚಿಕ್ಕಪ್ಪನ ಸ್ನೇಹಿತರು ಸಿಗುವ ಸಾಧ್ಯತೆ ಹೆಚ್ಚು.

ಭಾಷೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಂಗ್ಲಿಷಿನಲ್ಲಿ ಗೇ, ಬೈ ಎಂದು ಸಲೀಸಾಗಿ ಹೇಳುವವರಿಗೂ ಅಮ್ಮನ ಅಳು, ಅಪ್ಪನ ಮೌನ ವಿವರಿಸುವಾಗ ಕನ್ನಡವೇ ಬರುತ್ತದೆ. ಮಂಡ್ಯದ ಮನೆಯೊಂದರಲ್ಲಿ ಮಗ ಮದುವೆ ಬೇಡವೆಂದರೆ ಏನೇನಾಗುತ್ತದೆ ಎಂಬುದನ್ನು ಬಿಡಿಸಿ ಹೇಳದೆಯೇ ಅರ್ಥಮಾಡಿಕೊಳ್ಳುವವರು ಸಿಕ್ಕರೆ ಅರ್ಧ ಭೇಟಿ ಉಳಿಯುತ್ತದೆ.

## 4. ಹತ್ತು ನಿಮಿಷದ ಫೋನ್ ಕರೆ

ಇಡೀ ಕೆಲಸದ ತಿರುಳು ಈ ಹಂತದಲ್ಲಿದೆ, ಜನ ತಪ್ಪಿಸುವುದೂ ಇದನ್ನೇ. ಸಮಯ ಗೊತ್ತುಮಾಡುವ ಮೊದಲು ಹತ್ತು ನಿಮಿಷ ಮಾತಾಡಬಹುದೇ ಎಂದು ಕೇಳಿ. ರಿಸೆಪ್ಷನ್‌ನವರ ಬಳಿ ಏನೂ ವಿವರಿಸಬೇಡಿ. "ಮೇಡಮ್ ಹತ್ರ ಒಂದೆರಡು ಪ್ರಶ್ನೆ ಕೇಳ್ಬೇಕಿತ್ತು, ಯಾವಾಗ ಮಾಡ್ಲಿ?" ಎಂದರಾಯಿತು. ಹೆಸರು ಕೊಡುವುದು ನಿಮಗೆ ಬಿಟ್ಟದ್ದು. ಪ್ರಶ್ನೆಯನ್ನು ಬೇರೊಬ್ಬರ ಪರವಾಗಿ ಕೇಳಿದರೂ ನಡೆಯುತ್ತದೆ.

ಮೊದಲ ಪ್ರಶ್ನೆ: "ಗೇ, ಲೆಸ್ಬಿಯನ್, ಬೈ ಇರುವವರ ಜೊತೆ ಕೆಲಸ ಮಾಡಿದ್ದೀರಾ? ಅವರು ಸಾಮಾನ್ಯವಾಗಿ ಏನು ಹೇಳಿಕೊಂಡು ಬರುತ್ತಾರೆ?" ಎರಡನೇ ಭಾಗವನ್ನು ಬಿಡಬೇಡಿ. ಬರೀ "ಹೌದು" ಎಂಬ ಉತ್ತರದಿಂದ ಏನೂ ತಿಳಿಯುವುದಿಲ್ಲ. ಕೆಲಸ ಮಾಡಿದವರಾದರೆ ಮದುವೆಯ ಒತ್ತಾಯ, ಒಂಟಿತನ, ಬ್ಲ್ಯಾಕ್‌ಮೇಲ್, ಸಂಗಾತಿಯ ಜೊತೆಗಿನ ಜಗಳ ಎಂದು ಬದುಕಿನ ಸಂಗತಿಗಳನ್ನು ಹೇಳುತ್ತಾರೆ. ಮಾಡದವರು "ಗೊಂದಲ", "ಚಟ", "ಸಹವಾಸ ದೋಷ" ಎನ್ನುತ್ತಾರೆ.

ಎರಡನೇ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ: "ಯಾರಾದರೂ ಇದನ್ನು ಬದಲಾಯಿಸಿ ಕೊಡಿ ಅಂತ ಬಂದರೆ ಏನು ಮಾಡ್ತೀರಿ?" ನಮ್ಮ ಯುವಕ ಮೂವರಿಗೆ ಕರೆ ಮಾಡಿದ ಎಂದುಕೊಳ್ಳಿ. ಒಬ್ಬರು ಹೇಳುತ್ತಾರೆ, "ಮೊದಲು ಬನ್ನಿ, ನೋಡೋಣ. ಎಷ್ಟೋ ಜನಕ್ಕೆ ಸರಿಹೋಗಿದೆ." ಈ ಹೆಸರನ್ನು ಅಲ್ಲಿಗೇ ಹೊಡೆದುಹಾಕಬೇಕು. ಇನ್ನೊಬ್ಬರು, "ನಂಗೇನೂ ತೊಂದ್ರೆ ಇಲ್ಲಪ್ಪ, ಎಲ್ಲರೂ ಮನುಷ್ಯರೇ. ಆದ್ರೆ ತಂದೆ ತಾಯಿನೂ ನೋಡ್ಬೇಕಲ್ವಾ?" ಎನ್ನುತ್ತಾರೆ. ಕೇಳಲು ಹಿತವಾಗಿದೆ, ಹೆಚ್ಚಿನವರು ಮೋಸಹೋಗುವುದು ಇಲ್ಲಿ. ನಾಲ್ಕನೇ ಭೇಟಿಗೆ ಈ "ಆದರೆ" ಬೆಳೆದು, ಒಂದು ಸಲ ಹುಡುಗಿ ನೋಡಿ ಬನ್ನಿ ಎಂಬ ಸಲಹೆಯಾಗುತ್ತದೆ. ಮೂರನೆಯವರು, "ಬದಲಾಯಿಸೋಕೆ ಆಗಲ್ಲ, ಅದಕ್ಕೆ ನಾನು ಪ್ರಯತ್ನಾನೂ ಪಡಲ್ಲ. ಆದ್ರೆ ಬದಲಾಗ್ಬೇಕು ಅಂತ ಯಾಕೆ ಅನ್ನಿಸ್ತಿದೆ, ಮನೇಲಿ ಏನ್ ನಡೀತಿದೆ, ಅದರ ಬಗ್ಗೆ ಖಂಡಿತ ಕೂತು ಮಾತಾಡ್ತೀನಿ" ಎನ್ನುತ್ತಾರೆ. ನೀವು ಹುಡುಕುತ್ತಿರುವ ಉತ್ತರ ಇದು. ನೋವನ್ನೂ ತಳ್ಳಿಹಾಕಿಲ್ಲ, ಸುಳ್ಳು ಭರವಸೆಯನ್ನೂ ಕೊಟ್ಟಿಲ್ಲ.

ಮೂರನೇ ಪ್ರಶ್ನೆ: "ನನ್ನ ಒಪ್ಪಿಗೆ ಇಲ್ಲದೆ ಮನೆಯವರು ಫೋನ್ ಮಾಡಿದರೆ ಏನು ಹೇಳ್ತೀರಿ?" ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು. ಬೇರೆಯವರಿಗೆ ಅಥವಾ ನಿಮಗೇ ಅಪಾಯವಾಗುವಂಥ ಕೆಲವೇ ಸಂದರ್ಭಗಳಿಗೆ ವಿನಾಯಿತಿ ಇದೆ. ಸರಿಯಾದ ಉತ್ತರ ಹೀಗಿರುತ್ತದೆ: "ನೀವು ನನ್ನ ಹತ್ರ ಬರ್ತೀರಾ ಇಲ್ವಾ ಅನ್ನೋದನ್ನೂ ಹೇಳಲ್ಲ."

ವಯಸ್ಸು ಹದಿನೆಂಟು ತುಂಬಿರದಿದ್ದರೆ ಇನ್ನೊಂದು ಪ್ರಶ್ನೆ ಸೇರಿಸಿ: "ಯಾವ ವಿಷಯ ಹೇಳಿದರೆ ನೀವು ಬೇರೆಯವರಿಗೆ ತಿಳಿಸಲೇಬೇಕಾಗುತ್ತದೆ?" ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅಪ್ರಾಪ್ತರ ಜೊತೆಗಿನ ಲೈಂಗಿಕ ಸಂಪರ್ಕ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಇಬ್ಬರೂ ಇಷ್ಟಪಟ್ಟಿದ್ದರು ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆಕರ್ಷಣೆಯ ಬಗ್ಗೆ ಮಾತಾಡಿದರೆ ಈ ಕಡ್ಡಾಯ ಇಲ್ಲ. ನಿಮಗೆ ಯಾರಾದರೂ ದೌರ್ಜನ್ಯ ಮಾಡಿದ್ದರೆ ಅದನ್ನು ಹೇಳಿಕೊಳ್ಳುವುದೇ ಸರಿ. ಹೇಳಿದ ಮೇಲೆ ಏನೇನು ನಡೆಯುತ್ತದೆ ಎಂಬುದು ಮೊದಲೇ ತಿಳಿದಿರಲಿ ಎಂದಷ್ಟೇ ಈ ಪ್ರಶ್ನೆ.

ಶುಲ್ಕ, ಅವಧಿ, ರದ್ದುಮಾಡಿದರೆ ಹಣ ಕೊಡಬೇಕೇ ಎಂಬುದನ್ನು ಕೊನೆಗೆ ಕೇಳಿ. ಸಾಮಾನ್ಯವಾಗಿ ಒಂದು ಭೇಟಿ 45ರಿಂದ 60 ನಿಮಿಷ. ಹಣ ಕಷ್ಟವೆಂದರೆ ಶುಲ್ಕ ಇಳಿಸುವವರು ಇದ್ದಾರೆ, ಕೇಳಲು ಸಂಕೋಚ ಬೇಡ.

## 5. ಗುಟ್ಟು ಎಲ್ಲಿಂದ ಸೋರುತ್ತದೆ ನೋಡಿ

ವಿಷಯ ಮನೆಗೆ ತಿಳಿಯುವುದು ಸಮಾಲೋಚಕರ ಬಾಯಿಂದಲ್ಲ, ಫೋನಿನಿಂದ. ಬ್ಯಾಂಕ್ ಖಾತೆಯ ಮೆಸೇಜು ಅಪ್ಪನ ನಂಬರಿಗೆ ಹೋಗುತ್ತಿದ್ದರೆ ಕ್ಲಿನಿಕ್ಕಿನ ಹೆಸರು ಅವರಿಗೆ ಕಾಣುತ್ತದೆ, ಹಾಗಾಗಿ ನಗದು ಕೊಡಿ. ವಾಟ್ಸಾಪ್ ನೋಟಿಫಿಕೇಷನ್ನಿನಲ್ಲಿ ಮೆಸೇಜಿನ ಸಾಲು ಕಾಣದಂತೆ ಮಾಡಿ, ಸಮಾಲೋಚಕರ ನಂಬರನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ. ಆಸ್ಪತ್ರೆಯ ಚೀಟಿಯಲ್ಲಿ ಏನು ಬರೆದಿದ್ದಾರೆ ಎಂದು ಅಲ್ಲೇ ಓದಿ. "ಆತಂಕ, ನಿದ್ರಾಹೀನತೆ" ಎಂದಿದ್ದರೆ ಚಿಕಿತ್ಸೆಗೆ ಸಾಕು, ಲೈಂಗಿಕತೆಯ ವಿವರ ಚೀಟಿಯಲ್ಲಿ ಬರುವ ಅಗತ್ಯವಿಲ್ಲ ಎಂದು ವಿನಂತಿಸಬಹುದು.

ಆನ್‌ಲೈನ್ ಭೇಟಿಗೆ ಜಾಗ ಹುಡುಕುವುದು ನಿಜವಾದ ತಲೆನೋವು, ಅದರಲ್ಲೂ ಹೆಣ್ಣುಮಕ್ಕಳಿಗೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತ ಮಾತಾಡಿದರೆ ಎದುರಿಗೆ ಪರಿಚಯದವರು ಬಂದಾಗಲೆಲ್ಲ ಮಾತು ತುಂಡಾಗುತ್ತದೆ. ಸ್ನೇಹಿತೆಯ ರೂಮು, ನಿಲ್ಲಿಸಿದ ಕಾರು, ಆಫೀಸಿನ ಖಾಲಿ ಮೀಟಿಂಗ್ ಕೋಣೆ ವಾಸಿ. ಇಯರ್‌ಫೋನ್ ಹಾಕಿಕೊಳ್ಳಿ. ಯಾರಾದರೂ ಒಳಬಂದರೆ ಹೇಳಲು ಒಂದು ವಾಕ್ಯವನ್ನು ಸಮಾಲೋಚಕರ ಜೊತೆ ಮೊದಲೇ ಗೊತ್ತುಮಾಡಿಕೊಳ್ಳಿ. "ರಿಪೋರ್ಟ್ ನಾಳೆ ಕಳಿಸ್ತೀನಿ ಮೇಡಮ್" ಎಂದರೆ ಅವರು ಕರೆಯನ್ನು ಮುಗಿಸುತ್ತಾರೆ.

## 6. ಮೊದಲ ಭೇಟಿ ಹೀಗಿರಬೇಕು

ಮೊದಲ ಹತ್ತು ನಿಮಿಷ ಮಾತಾಡಬೇಕಾದವರು ಅವರು. ಗೋಪ್ಯತೆ ಎಲ್ಲಿಯವರೆಗೆ, ಟಿಪ್ಪಣಿ ಎಲ್ಲಿಡುತ್ತಾರೆ, ಬೇಡವೆನ್ನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂದು ಹೇಳಿ, ನಿಮ್ಮ ಒಪ್ಪಿಗೆ ಕೇಳಬೇಕು. ಆಮೇಲೆ ನೀವು ಬರೆದ ಎರಡು ಸಾಲು ಓದಿ. ಒಳ್ಳೆಯ ಸಮಾಲೋಚಕರು ನಿಮ್ಮ ಪದವನ್ನೇ ಹಿಡಿಯುತ್ತಾರೆ. ನೀವು "ಸಲಿಂಗಿ" ಎಂದರೆ ಅದನ್ನೇ ಬಳಸುತ್ತಾರೆ, "ನಂಗೆ ಹುಡುಗರು ಇಷ್ಟ" ಎಂದಷ್ಟೇ ಹೇಳಿದರೆ ಅಷ್ಟಕ್ಕೇ ನಿಲ್ಲುತ್ತಾರೆ, ಅದಕ್ಕೊಂದು ಹೆಸರು ಕಟ್ಟುವುದಿಲ್ಲ.

ನಿದ್ದೆ, ಊಟ, ಕುಡಿತ, ಸಾಯುವ ಯೋಚನೆ, ಮನೆಯಲ್ಲಿ ಹೊಡೆತ ಬಡಿತ, ಯಾರಾದರೂ ಫೋಟೊ ಇಟ್ಟುಕೊಂಡು ಹೆದರಿಸುತ್ತಿದ್ದಾರೆಯೇ, ಇವನ್ನೆಲ್ಲ ಕೇಳುವುದು ಸರಿಯಾದ ಕ್ರಮ. ಹಾಸಿಗೆಯ ವಿವರವನ್ನು ಮೊದಲ ದಿನವೇ ಕೆದಕುವುದು ಸರಿಯಲ್ಲ. ಅಂಥ ಪ್ರಶ್ನೆ ಬಂದರೆ "ಇದು ಯಾಕೆ ಬೇಕು ಸರ್?" ಎಂದು ಕೇಳಿ. ಸುರಕ್ಷಿತ ಲೈಂಗಿಕತೆಯ ಬಗ್ಗೆ ತಿಳಿಯಲು ಕೇಳಿದ್ದರೆ ಕಾರಣ ಹೇಳುತ್ತಾರೆ. ಬರೀ ಕುತೂಹಲಕ್ಕೆ ಕೇಳಿದ್ದರೆ ಉತ್ತರ ತಡವರಿಸುತ್ತದೆ.

ಒಂದು ಸೂಕ್ಷ್ಮವನ್ನು ಇಲ್ಲೇ ಹೇಳಬೇಕು. ಕೆಲವರಿಗೆ ಆಕರ್ಷಣೆಯ ಅನುಭವವೇ ಇರುವುದಿಲ್ಲ, "ನಾನು ಗೇ ಆಗಿಬಿಟ್ಟರೆ?" ಎಂಬ ಬೇಡದ ಯೋಚನೆ ದಿನಕ್ಕೆ ನೂರು ಸಲ ಬರುತ್ತದೆ. ಗಂಡಸರನ್ನು ನೋಡಿದಾಗ ಏನಾದರೂ ಅನ್ನಿಸಿತೇ ಎಂದು ಪರೀಕ್ಷಿಸಿಕೊಳ್ಳುತ್ತ, ಗಂಟೆಗಟ್ಟಲೆ ಗೂಗಲ್ ಮಾಡುತ್ತ ಕೂರುತ್ತಾರೆ. ಇದು ಒಸಿಡಿ, ಅಂದರೆ ಗೀಳು ಕಾಯಿಲೆಯ ಒಂದು ರೂಪವಾಗಿರಬಹುದು. ಅದಕ್ಕೆ ಬೇರೆ ಚಿಕಿತ್ಸೆ ಇದೆ, ಗುಣಕಾರಿಯಾದದ್ದೇ ಇದೆ. ಆಗಲೂ ಚಿಕಿತ್ಸೆ ಆಗುವುದು ಪರೀಕ್ಷಿಸಿಕೊಳ್ಳುವ ಗೀಳಿಗೆ, ಲೈಂಗಿಕತೆಗೆ ಅಲ್ಲ. ಈ ಎರಡರ ವ್ಯತ್ಯಾಸ ಬಲ್ಲವರು ಅವಸರದಲ್ಲಿ "ನೀವು ಗೇ" ಎಂದೂ ಹೇಳುವುದಿಲ್ಲ, "ಗೇ ಅಲ್ಲ, ಹೆದರಬೇಡಿ" ಎಂದೂ ಹೇಳುವುದಿಲ್ಲ.

ಮೊದಲ ಭೇಟಿ ಮುಗಿದಾಗ ಹಗುರ ಅನ್ನಿಸಲೇಬೇಕೆಂದಿಲ್ಲ. ಸುಸ್ತು, ಅಳು ಬರುವುದು ಸಾಮಾನ್ಯ. ಗಮನಿಸಬೇಕಾದದ್ದು ನಾಚಿಕೆ ಹೆಚ್ಚಿತೇ ಎಂಬುದನ್ನು. ಒಳಹೋಗುವಾಗ ಇದ್ದದ್ದಕ್ಕಿಂತ ಹೆಚ್ಚು ತಪ್ಪಿತಸ್ಥ ಭಾವದಲ್ಲಿ ಹೊರಬಂದಿದ್ದರೆ ಆ ದಿನವೇ ಹಾಳೆಯಲ್ಲಿ ಬರೆದಿಡಿ, ಯಾವ ಮಾತಿಗೆ ಹಾಗಾಯಿತು ಎಂಬುದನ್ನೂ.

## 7. ಎರಡರಿಂದ ಐದನೇ ಭೇಟಿ: ಕೆಲಸ ನಡೆಯುವುದು ಹೇಗೆ

ನಮ್ಮ ಯುವಕನಿಗೆ ಮರಳೋಣ. ಎರಡನೇ ಭೇಟಿಯಲ್ಲಿ ಸಮಾಲೋಚಕರು ಅವನ ಕೈಯಲ್ಲಿ ಒಂದು ನಕ್ಷೆ ಬರೆಸುತ್ತಾರೆ. ಯಾರಿಗೆ ಗೊತ್ತು, ಯಾರಿಗೆ ಅನುಮಾನ, ಯಾರಿಗೆ ಗೊತ್ತಾಗಲೇಬಾರದು, ಗೊತ್ತಾದರೆ ಯಾರು ಏನು ಮಾಡಬಹುದು. ಅವನ ನಕ್ಷೆಯಲ್ಲಿ ಅಕ್ಕ ಮೊದಲನೇ ಗುಂಪಿನ ಹತ್ತಿರ, ಅಪ್ಪ ಕೊನೆಯಲ್ಲಿ. ಜೊತೆಗೆ ಹಣದ ಲೆಕ್ಕ: ಸಂಬಳ ಯಾರ ಖಾತೆಗೆ ಬರುತ್ತದೆ, ರೂಮಿನ ಬಾಡಿಗೆ ಯಾರು ಕೊಡುತ್ತಾರೆ, ಆಧಾರ್, ಮಾರ್ಕ್ಸ್ ಕಾರ್ಡ್ ಎಲ್ಲಿವೆ. ದಾಖಲೆಗಳು ಊರಿನ ಬೀರುವಿನಲ್ಲಿವೆ ಎಂದು ತಿಳಿಯುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಆಫೀಸಿಗೆ ಬೇಕೆಂದು ಹೇಳಿ ತಂದುಕೊಳ್ಳುವುದು ಆ ವಾರದ ಕೆಲಸ. ಭಾವನೆಗಳ ಬಗ್ಗೆ ಮಾತಾಡಲು ಬಂದವನಿಗೆ ಮಾರ್ಕ್ಸ್ ಕಾರ್ಡಿನ ವಿಷಯ ವಿಚಿತ್ರ ಅನ್ನಿಸಬಹುದು. ಆದರೆ ಕಾಲ ಕೆಳಗೆ ನೆಲ ಇದೆ ಎಂದು ಖಾತ್ರಿಯಾಗುವವರೆಗೆ ಎದೆಬಡಿತ ಇಳಿಯುವುದಿಲ್ಲ.

ಮೂರನೇ ಭೇಟಿ ಮಾತಿನ ಅಭ್ಯಾಸಕ್ಕೆ. ಸಮಾಲೋಚಕರು ಅಮ್ಮನ ಪಾತ್ರ ವಹಿಸುತ್ತಾರೆ: "ಒಂದ್ಸಲ ನೋಡ್ಕೊಂಡ್ ಬರೋಣ ಕಣಪ್ಪ, ನೋಡಿದ್ ತಕ್ಷಣ ಆಗೋಯ್ತದಾ?" ಅವನು ಮೊದಲು "ಈಗ ಬೇಡ, ಮುಂದಿನ ವರ್ಷ ನೋಡೋಣ" ಎನ್ನುತ್ತಾನೆ. ಸಮಾಲೋಚಕರು ನಿಲ್ಲಿಸಿ ಕೇಳುತ್ತಾರೆ, "ಮುಂದಿನ ವರ್ಷ ಅಂದ್ರೆ ಅವರಿಗೆ ಏನ್ ಕೇಳಿಸುತ್ತೆ?" ಒಪ್ಪಿಗೆ ಎಂದು ಕೇಳಿಸುತ್ತದೆ, ಹುಡುಕಾಟ ಮುಂದುವರಿಯುತ್ತದೆ. ತಿದ್ದಿದ ವಾಕ್ಯ ಹೀಗಾಗುತ್ತದೆ: "ಅಮ್ಮ, ನಂಗೆ ಮದುವೆ ಬೇಡ. ಯೋಚ್ನೆ ಮಾಡೇ ಹೇಳ್ತಿದ್ದೀನಿ. ಯಾವ ಹುಡುಗಿ ಮನೆಗೂ ಮಾತು ಕೊಡ್ಬೇಡಿ." ಇಲ್ಲಿ ಲೈಂಗಿಕತೆಯ ಮಾತೇ ಬಂದಿಲ್ಲ. ಮದುವೆ ನಿರಾಕರಿಸುವುದು, ತನ್ನ ವಿಷಯ ಹೇಳಿಕೊಳ್ಳುವುದು ಎರಡು ಬೇರೆ ಬೇರೆ ನಿರ್ಧಾರಗಳು, ಒಂದೇ ದಿನ ಆಗಬೇಕಿಲ್ಲ. ಇವನ್ನು ಬಿಡಿಸಿ ತೋರಿಸುವುದು ಒಳ್ಳೆಯ ಸಮಾಲೋಚಕರ ದೊಡ್ಡ ಉಪಕಾರ. ಬೇಗ ಎಲ್ಲರಿಗೂ ಹೇಳಿಬಿಡಿ ಎಂದು ಧೈರ್ಯ ತುಂಬುವವರೂ ತಪ್ಪು ಮಾಡುತ್ತಿದ್ದಾರೆ. ಪರಿಣಾಮ ಅನುಭವಿಸುವವರು ನೀವು, ದಿನ ಗೊತ್ತುಮಾಡುವವರೂ ನೀವೇ ಆಗಿರಬೇಕು.

ನಾಲ್ಕನೇ ಭೇಟಿಯಲ್ಲಿ ಒಳಗಿನ ಮಾತು ಹೊರಬರುತ್ತದೆ. "ಒಬ್ಬನೇ ಮಗ, ವಂಶ ನಿಲ್ಲಿಸ್ತಿದ್ದೀನಿ" ಎಂಬ ಪಾಪಪ್ರಜ್ಞೆ. ಸಮಾಲೋಚಕರು ಇದನ್ನು ವಾದ ಮಾಡಿ ಗೆಲ್ಲಲು ಹೋಗುವುದಿಲ್ಲ. ಈ ಮಾತು ಮೊದಲು ಯಾರ ಬಾಯಲ್ಲಿ ಕೇಳಿದ್ದು, ಅಪ್ಪ ಅಮ್ಮನ ಮೇಲಿನ ಪ್ರೀತಿಯ ಪಾಲೆಷ್ಟು, ಭಯದ ಪಾಲೆಷ್ಟು, ಗೊತ್ತಿಲ್ಲದ ಒಂದು ಹುಡುಗಿಯನ್ನು ಈ ಮದುವೆಗೆ ಎಳೆದು ತಂದರೆ ಅವಳ ಬದುಕು ಏನಾಗುತ್ತದೆ ಎಂದು ಒಂದೊಂದಾಗಿ ಬಿಡಿಸುತ್ತಾರೆ. ದೇವರು, ಮಠ, ಮನೆದೇವರ ಹರಕೆ ಇವು ಅವನಿಗೆ ಮುಖ್ಯವಾಗಿದ್ದರೆ ಅವನ್ನು ಬಿಡಿಸಲು ಹೋಗುವುದಿಲ್ಲ. ಭಕ್ತಿಯೂ ಇರಲಿ, ಆಕರ್ಷಣೆಯೂ ಇರಲಿ, ಎರಡಕ್ಕೂ ಜಾಗ ಹುಡುಕುತ್ತಾರೆ.

ನಿದ್ದೆ ಇನ್ನೂ ಬಾರದಿದ್ದರೆ ಮನೋವೈದ್ಯರ ಬಳಿ ಕಳಿಸಬಹುದು. ಆತಂಕಕ್ಕೆ, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವುದು ಸೋಲಲ್ಲ. "ಈ ಮಾತ್ರೆ ಯಾವ ಲಕ್ಷಣಕ್ಕೆ?" ಎಂದು ಮಾತ್ರ ಕೇಳಿ. ಆಕರ್ಷಣೆಯ ದಿಕ್ಕು ಬದಲಿಸುವ ಮಾತ್ರೆ, ಇಂಜೆಕ್ಷನ್ನು ಯಾವುದೂ ಇಲ್ಲ. ಗಂಡಸುತನ ಹೆಚ್ಚಿಸುತ್ತೇವೆಂದು ಟೆಸ್ಟೋಸ್ಟೆರಾನ್ ಕೊಟ್ಟರೂ ದಿಕ್ಕು ಬದಲಾಗುವುದಿಲ್ಲ.

ಐದನೇ ಭೇಟಿಗೆ ಹಳೆಯ ಹಾಳೆ ತೆಗೆದು ಇಬ್ಬರೂ ನೋಡಬೇಕು. ಮದುವೆಯ ಮಾತು ನಿಂತಿರಲಿಕ್ಕಿಲ್ಲ. ಆದರೆ ಹೇಳುವ ವಾಕ್ಯ ಕೈಯಲ್ಲಿದೆ, ದಾಖಲೆ ರೂಮಿನಲ್ಲಿವೆ, ಅಕ್ಕನಿಗೆ ಮೊದಲು ಹೇಳುವುದೆಂದು ಅವನೇ ತೀರ್ಮಾನಿಸಿದ್ದಾನೆ. ಇಷ್ಟಾಗಿದ್ದರೆ ಸರಿಯಾದ ದಾರಿಯಲ್ಲಿದ್ದಾನೆ. ಐದು ಭೇಟಿಯಾದರೂ ಬಾಲ್ಯದ ಕಾರಣ ಹುಡುಕುವುದೇ ನಡೆದಿದ್ದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ ಬೇರೆ ಹೆಸರಿಗೆ ಕರೆ ಮಾಡಿ.

## 8. ಅಪ್ಪ ಅಮ್ಮನನ್ನು ಕರೆತರುವುದಾದರೆ

ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ, ಅದೂ ನೀವೇ ಹೇಳಿಯಾದ ಮೇಲೆ. ಸಮಾಲೋಚಕರ ಬಾಯಿಂದ ಮೊದಲ ಸಲ ಕೇಳಿದ ಪೋಷಕರು ಅವರನ್ನೇ ಶತ್ರುವೆಂದು ತಿಳಿಯುತ್ತಾರೆ. ಕರೆತರುವ ಮೊದಲು ಏನು ಹೇಳಬಹುದು, ಏನು ಹೇಳಬಾರದು ಎಂದು ಇಬ್ಬರೂ ಪಟ್ಟಿ ಮಾಡಿಕೊಳ್ಳಿ. ಸಂಗಾತಿಯ ಹೆಸರು, ಕೆಲಸದ ಜಾಗ ಆ ಪಟ್ಟಿಯಿಂದ ಹೊರಗಿರಲಿ. ಪೋಷಕರ ದುಃಖಕ್ಕೂ ಮಾತಾಡಲು ಸಮಯ ಬೇಕು, ಅದಕ್ಕೆ ಬೇರೊಬ್ಬ ಸಮಾಲೋಚಕರನ್ನು ಸೂಚಿಸುವುದು ವಾಸಿ. ಒಬ್ಬರೇ ಎರಡೂ ಕಡೆಯವರನ್ನು ನೋಡಿದರೆ ಗುಟ್ಟು ಕಾಪಾಡುವುದು ಕಷ್ಟ.

## 9. ಎದ್ದು ಹೊರಡಬೇಕಾದ ಸೂಚನೆಗಳು

ಬದಲಾಯಿಸುತ್ತೇನೆ ಎಂಬ ಭರವಸೆ. ಹುಡುಗಿಯರ ಚಿತ್ರ ನೋಡುವ ಮನೆಗೆಲಸ. ಹುಡುಗರ ಯೋಚನೆ ಬಂದಾಗ ಕೈಗೆ ನೋವು ಮಾಡಿಕೊಳ್ಳಿ ಎಂಬ ಸಲಹೆ, ಕರೆಂಟ್ ಶಾಕ್‌ನ ಮಾತು. ವೇಶ್ಯೆಯ ಬಳಿ ಹೋಗಿ ನೋಡಿ ಎನ್ನುವುದು. ಸಂಮೋಹನದಲ್ಲಿ ಸರಿಮಾಡುತ್ತೇನೆ ಎನ್ನುವುದು. ಇವುಗಳಲ್ಲಿ ಒಂದು ಕಂಡರೂ ಎರಡನೇ ಅವಕಾಶ ಕೊಡಬೇಡಿ. ಇವನ್ನೆಲ್ಲ ಕನ್ವರ್ಷನ್ ಥೆರಪಿ ಎನ್ನುತ್ತಾರೆ. ಮದ್ರಾಸ್ ಹೈಕೋರ್ಟಿನ 2021ರ ಆದೇಶದ ನಂತರ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ವೈದ್ಯರ ವೃತ್ತಿ ದುರ್ನಡತೆ ಎಂದು ಸಾರಿದೆ.

ಮೆಲ್ಲಗೆ ಕಾಣಿಸಿಕೊಳ್ಳುವ ಸೂಚನೆಗಳಿಗೆ ಒಂದು ಅವಕಾಶ ಕೊಡಬಹುದು. ಪ್ರತಿ ತೊಂದರೆಗೂ ಲೈಂಗಿಕತೆಯೇ ಕಾರಣವೆನ್ನುವುದು, ನಿಮ್ಮ ಸಂಗಾತಿಯನ್ನು "ಫ್ರೆಂಡ್" ಎಂದೇ ಕರೆಯುತ್ತಿರುವುದು, "ಇದೊಂದು ಹಂತ" ಎನ್ನುವುದು, ತಮಗೆ ಗೊತ್ತಿಲ್ಲದ್ದನ್ನು ನಿಮ್ಮಿಂದಲೇ ಪಾಠ ಹೇಳಿಸಿಕೊಳ್ಳುತ್ತ ಭೇಟಿಯನ್ನೆಲ್ಲ ಕಳೆಯುವುದು. ನೇರವಾಗಿ ಹೇಳಿ: "ಮೇಡಮ್, ಆ ಮಾತು ನಂಗೆ ನೋವಾಯ್ತು." ತಿದ್ದಿಕೊಂಡು, ಮುಂದಿನ ಭೇಟಿಯಲ್ಲಿ ಬೇರೆಯಾಗಿ ನಡೆದುಕೊಂಡರೆ ಉಳಿಯಿರಿ. ಸಮರ್ಥಿಸಿಕೊಂಡರೆ ಬಿಡಿ. ಬಿಡಲು ಕಾರಣ ಕೊಡಬೇಕಿಲ್ಲ, "ಮುಂದಿನ ಅಪಾಯಿಂಟ್‌ಮೆಂಟ್ ಬೇಡ" ಎಂಬ ಒಂದು ಮೆಸೇಜು ಸಾಕು.

## 10. ಮನೆಯವರೇ ಬಲವಂತವಾಗಿ ಕರೆದೊಯ್ದರೆ

ಹದಿನೆಂಟು ತುಂಬಿದವರನ್ನು ಅವರ ಒಪ್ಪಿಗೆ ಇಲ್ಲದೆ ಆಸ್ಪತ್ರೆಗೆ ಸೇರಿಸಲು 2017ರ ಕಾಯ್ದೆಯಲ್ಲಿ ಕಟ್ಟುನಿಟ್ಟಾದ ಷರತ್ತುಗಳಿವೆ: ತೀವ್ರ ಮಾನಸಿಕ ಕಾಯಿಲೆ ಇರಬೇಕು, ತನಗೆ ಅಥವಾ ಬೇರೆಯವರಿಗೆ ಅಪಾಯದಂಥ ಸ್ಥಿತಿ ಇರಬೇಕು, ಇಬ್ಬರು ತಜ್ಞರು ಬೇರೆ ಬೇರೆಯಾಗಿ ನೋಡಿ ಒಪ್ಪಬೇಕು. ಸಮಾಜದ ನೈತಿಕ, ಸಾಂಸ್ಕೃತಿಕ ಕಟ್ಟಳೆಗೆ ಹೊಂದದಿರುವುದನ್ನು ಮಾನಸಿಕ ಕಾಯಿಲೆ ಎಂದು ತೀರ್ಮಾನಿಸುವಂತಿಲ್ಲ ಎಂದು ಅದೇ ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ. ಲೈಂಗಿಕ ಒಲವಿನ ಆಧಾರದ ಮೇಲೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡಬಾರದು ಎಂಬುದು 18ನೇ ಸೆಕ್ಷನ್. ವೈದ್ಯರ ಮುಂದೆ ಕೂಗಾಡದೆ, "ನನಗೆ ಹದಿನೆಂಟು ತುಂಬಿದೆ, ದಾಖಲಾಗಲು ನನ್ನ ಒಪ್ಪಿಗೆ ಇಲ್ಲ, ನಿಮ್ಮ ಜೊತೆ ಒಬ್ಬನೇ ಮಾತಾಡಬೇಕು" ಎಂದು ಹೇಳಿ. ಎಷ್ಟೋ ವೈದ್ಯರು ಪೋಷಕರು ಹೊರಗೆ ಹೋದ ಮೇಲೆ ಬೇರೆಯಾಗಿ ಮಾತಾಡುತ್ತಾರೆ.

ಮುಂಚೆಯೇ ಅನುಮಾನವಿದ್ದರೆ ಸ್ನೇಹಿತರೊಬ್ಬರಿಗೆ ಹೇಳಿಟ್ಟಿರಿ: ಇಷ್ಟು ಹೊತ್ತಿಗೆ ಕರೆ ಬಾರದಿದ್ದರೆ ಹುಡುಕಬೇಕು ಎಂದು. ಉಚಿತ ಕಾನೂನು ನೆರವಿಗೆ 15100 ಇದೆ, ಮೈಸೂರು, ಮಂಡ್ಯ ಎರಡೂ ಜಿಲ್ಲೆಗಳಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಇದೆ.

ದೂರು ಕೊಡುವುದಾದರೆ ವೈದ್ಯರ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಕ್ಲಿನಿಕಲ್ ಸೈಕಾಲಜಿಸ್ಟ್ ಮೇಲೆ ಆರ್‌ಸಿಐಗೆ. ಎರಡಕ್ಕೂ ಬೇಕಾಗುವುದು ಚೀಟಿ, ರಶೀದಿ, ಮೆಸೇಜುಗಳು, ಆಡಿದ ಮಾತನ್ನು ಆ ದಿನವೇ ತಾರೀಕು ಹಾಕಿ ಬರೆದ ಹಾಳೆ. ಇವುಗಳ ಫೋಟೊ ತೆಗೆದು ಮನೆಯ ಫೋನಿನಲ್ಲಿ ಇಟ್ಟುಕೊಳ್ಳದೆ, ನಂಬಿಕೆಯ ಒಬ್ಬರಿಗೆ ಕಳಿಸಿ ನಿಮ್ಮ ಕಡೆಯದನ್ನು ಅಳಿಸಿ.